ಮೊದಲ ಮುಟ್ಟಿಗೇ ಕಪ್ ಬೇಡ, ಪ್ಯಾಡನ್ನು ನೋಡಿ ತನ್ನಿ

ನಾನಿರುವ ತಾಳವಾಡಿ ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ್ದು. ಆದರೆ ದಿಂಬಂ ಘಾಟಿಯ 27 ತಿರುವು ಇಳಿದು ಹೋಗುವುದಕ್ಕಿಂತ ಚಾಮರಾಜನಗರವೇ ನಮಗೆ ಹತ್ತಿರ. ಹಾಗಾಗಿ ಮುಟ್ಟಿನ ವಿಷಯದಲ್ಲೂ ಎರಡು ಸರ್ಕಾರಗಳ ಮಾತು ಇಲ್ಲಿ ಕೇಳಿಸುತ್ತದೆ. ತಮಿಳುನಾಡು 'ಪುದು ಯುಗಂ' ಯೋಜನೆಯಲ್ಲಿ ಹುಡುಗಿಯರಿಗೆ ಪ್ಯಾಡ್ ಕೊಡುತ್ತದೆ. ಕರ್ನಾಟಕವು ಶುಚಿ ಯೋಜನೆಯಡಿ ಪ್ರಾಯೋಗಿಕವಾಗಿ ಮುಟ್ಟಿನ ಕಪ್ ಹಂಚಲು ಆರಿಸಿಕೊಂಡದ್ದು ಚಾಮರಾಜನಗರವನ್ನು ಮತ್ತು ನನ್ನ ತವರು ದಕ್ಷಿಣ ಕನ್ನಡವನ್ನು.

ನಮ್ಮ ಪಕ್ಕದ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಕಾಲೇಜು, ಕಪ್ ಬಳಸುತ್ತಾಳೆ. ಚಿಕ್ಕವಳು ಎಂಟನೇ ತರಗತಿ, ಮುಟ್ಟಾಗಿ ಮೂರು ತಿಂಗಳು. ಅವಳ ತೊಡೆಸಂದಿಯಲ್ಲಿ ಚರ್ಮ ಕೆಂಪಾಗಿ ಉರಿ ಬಂದಿತ್ತು. "ಅಕ್ಕಾ, ಇವಳಿಗೂ ಕಪ್ಪೇ ತಂದುಬಿಡೋಣ್ವಾ?" ಎಂದು ತಾಯಿ ಕೇಳಿದಳು. ಬೇಡ ಅಂದೆ.

ಉರಿಗೆ ಕಾರಣ ಪ್ಯಾಡ್ ಅನ್ನುವುದಕ್ಕಿಂತ ಯಾವ ಪ್ಯಾಡ್, ಎಷ್ಟು ಹೊತ್ತು ಅನ್ನುವುದು. ಹುಡುಗಿ ಬೆಳಗ್ಗೆ ಎಂಟಕ್ಕೆ ಹಾಕಿದ್ದನ್ನು ಸಂಜೆ ಮನೆಗೆ ಬಂದೇ ತೆಗೆಯುತ್ತಿದ್ದಳು. ತಾಯಿ ಅಂಗಡಿಯಿಂದ ತಂದಿದ್ದು ಎಕ್ಸ್‌ಎಲ್, ಮೇಲ್ಪದರ ಸಣ್ಣ ತೂತುಗಳಿದ್ದ ಪ್ಲಾಸ್ಟಿಕ್ ಜಾಲರಿಯದ್ದು. ಜಾಲರಿ ಬೇಗ ಒಣಗಿದಂತೆ ಕಾಣುತ್ತದೆ, ಆದರೆ ಬೆವರಿದ ಎಳೆ ಚರ್ಮಕ್ಕೆ ಉಜ್ಜುತ್ತದೆ. ಎಕ್ಸ್‌ಎಲ್ ಎಂದರೆ ದಪ್ಪಗಿರುವವರಿಗೆ ಎಂದೋ ಹೆಚ್ಚು ಹೀರುತ್ತದೆ ಎಂದೋ ಅಂದುಕೊಳ್ಳುತ್ತೇವೆ. ಅದು ಮುಖ್ಯವಾಗಿ ಉದ್ದದ ಲೆಕ್ಕ. ಸಣ್ಣ ಮೈಯವಳಿಗೆ ಹಗಲಲ್ಲಿ ಉದ್ದದ ಪ್ಯಾಡ್ ಮಡಚಿಕೊಂಡು ಅಂಚು ತೊಡೆಗೆ ತಾಗುತ್ತದೆ. ಮಲಗಿದಾಗ ರಕ್ತ ಹಿಂದಕ್ಕೆ ಹರಿಯುವುದರಿಂದ ಆ ಉದ್ದ ರಾತ್ರಿಗೆ ಬೇಕು.

ಮೆತ್ತನೆಯ, ಹತ್ತಿಯಂತಹ ಮೇಲ್ಪದರದ, ರೆಕ್ಕೆಯಿರುವ ಸುಮಾರು 24 ಸೆಂಟಿಮೀಟರ್ ಪ್ಯಾಡನ್ನು ಹಗಲಿಗೆ, 28ರದ್ದನ್ನು ರಾತ್ರಿಗೆ ಆರಿಸಿದೆವು. ಹತ್ತಿಯಂತಹ ಎಂದೆ, ಹತ್ತಿಯದ್ದೇ ಅನ್ನಲಿಲ್ಲ. ಎಷ್ಟೋ ಪ್ಯಾಡ್‌ಗಳಲ್ಲಿ ಆ ಮೃದು ಪದರವೂ ಪ್ಲಾಸ್ಟಿಕ್ ನೂಲಿನದ್ದೇ. ಒಳಗೆ ಮರದ ತಿರುಳು, ಜೊತೆಗೆ ನೀರು ಹಿಡಿದಿಡುವ ಜೆಲ್ ಹರಳು.

ಹೀರುವುದನ್ನು ಮನೆಯಲ್ಲೇ ನೋಡಿದೆವು. ಎರಡು ಬಗೆಯ ಪ್ಯಾಡಿನ ಮೇಲೆ ಒಂದೊಂದು ದೊಡ್ಡ ಚಮಚ ನೀರನ್ನು ನಿಧಾನ ಸುರಿದು, ಒಂದು ನಿಮಿಷ ಬಿಟ್ಟು ಒಣ ಬಟ್ಟೆ ಒತ್ತಿದೆವು. ಬಟ್ಟೆ ಒದ್ದೆಯಾದರೆ ಕೂತಾಗ ಮೈಗೂ ಒದ್ದೆಯೇ. ರಕ್ತ ನೀರಿಗಿಂತ ಮಂದ, ಹಾಗಾಗಿ ಈ ಪರೀಕ್ಷೆಯಿಂದ ಎರಡನ್ನು ಹೋಲಿಸಬಹುದು ಅಷ್ಟೆ, ಎಷ್ಟು ಗಂಟೆ ಬಾಳುತ್ತದೆ ಎಂದು ಹೇಳಲಾಗದು. ಒದ್ದೆಯಾಗದಿದ್ದರೂ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಲೇಬೇಕು. ಮಧ್ಯಾಹ್ನದ ಊಟದ ಹೊತ್ತಿಗೆ ಬದಲಿಸಲು ಒಂದು ಪ್ಯಾಡ್, ಬಳಸಿದ್ದನ್ನು ಸುತ್ತಿ ತರಲು ಹಳೇ ಪೇಪರ್ ಬ್ಯಾಗಿನಲ್ಲಿಟ್ಟೆವು.

ಹಾಗಾದರೆ ಕಪ್ ಕೆಟ್ಟದ್ದೇ? ಅಲ್ಲ. ದೊಡ್ಡವಳಿಗೆ ಅದೇ ಸರಿ. ಬಳಸಿದ ಪ್ಯಾಡನ್ನು ಹೂಳಿದರೆ ನಾಯಿ ಕೆದರುತ್ತದೆ, ಸುಟ್ಟರೆ ಪ್ಲಾಸ್ಟಿಕ್ ಹೊಗೆ. ಕಪ್ಪಿಗೆ ಆ ತಾಪತ್ರಯವಿಲ್ಲ. ಕಾಲೇಜಿನಲ್ಲಿ ತೆಗೆಯುವ ಅಗತ್ಯವೂ ಸಾಮಾನ್ಯವಾಗಿ ಬೀಳದು, ಹೆಚ್ಚೆಂದರೆ 12 ಗಂಟೆ ಒಳಗಿಡಬಹುದು. ಆದರೆ ಮೊದಲ ತಿಂಗಳು ಅವಳಿಗೂ ಸೋರಿತ್ತು. ಸೈಜ್ ದೊಡ್ಡದು ಬೇಕಿತ್ತೇನೋ ಅಂದುಕೊಂಡಿದ್ದಳು. ನಿಜವಾಗಿ ಆದದ್ದು ಬೇರೆ: ಮಡಚಿ ಒಳಗಿಟ್ಟ ಕಪ್ ಪೂರ್ತಿ ಅರಳಿರಲಿಲ್ಲ. ಮುಂದಿನ ತಿಂಗಳು ಇಟ್ಟ ಮೇಲೆ ಬುಡದ ಸುತ್ತ ಬೆರಳಾಡಿಸಿ ನೋಡಿದಳು. ಮಡಿಕೆ ಸಿಕ್ಕಿದಾಗ ಸ್ವಲ್ಪ ತಿರುಗಿಸಿದಳು, ಸೋರುವುದು ನಿಂತಿತು. ತೆಗೆಯುವಾಗ ಬಾಲ ಹಿಡಿದೆಳೆಯಬಾರದು, ಬುಡ ಹಿಸುಕಿ ಗಾಳಿ ಬಿಡಿಸಿ ಇಳಿಸಬೇಕು. ಬಾಲ ಚುಚ್ಚುತ್ತಿದ್ದುದಕ್ಕೆ ಕಪ್ ಹೊರತೆಗೆದು ತುದಿ ಕತ್ತರಿಸಿದಳು. ಕೈ ಹಿಡಿತಕ್ಕೆ ಮೂರು ತಿಂಗಳು ಬೇಕಾಯಿತು.

ಮುಟ್ಟೆಂದರೆ ಇನ್ನೂ ಗಾಬರಿಯಾಗುವ, ತನ್ನ ಮೈಯ ದಾರಿಯೇ ತಿಳಿಯದ ಹದಿಮೂರರ ಹುಡುಗಿಯಿಂದ ಇಷ್ಟನ್ನೆಲ್ಲ ಮಾಡಿಸುವುದು ನನಗೆ ಸರಿ ಕಾಣದು. ತಾನಾಗಿ ಕೇಳಿದರೆ ಆ ಮಾತು ಬೇರೆ. ಆಗ ಮೆತ್ತನೆಯ ಸಣ್ಣ ಸೈಜಿನ ಸಿಲಿಕೋನ್ ಕಪ್ ಕೊಡಿ, ವಯಸ್ಸು ಅಡ್ಡಿಯಲ್ಲ. ನಮ್ಮ ಉಮ್ಮಂದಿರು ಪಿಸುಗುಟ್ಟಿ ಕೇಳುವ ಪ್ರಶ್ನೆಗೂ ಇಲ್ಲೇ ಉತ್ತರ: ಕಪ್ಪಿನಿಂದ ಕನ್ಯಾಪೊರೆ ಹಿಗ್ಗಬಹುದು, ಕೆಲವರಲ್ಲಿ ಹರಿಯಲೂಬಹುದು. ಓಟ ಆಟದಲ್ಲೂ ಹಾಗಾಗುವುದುಂಟು. ಅದರಿಂದ ಯಾರ ಕನ್ಯತ್ವವನ್ನೂ ಅಳೆಯಲಾಗದು. ಕಾಪರ್-ಟಿ ಹಾಕಿಸಿಕೊಂಡ ತಾಯಂದಿರು ಮಾತ್ರ ಡಾಕ್ಟರನ್ನು ಕೇಳಿಯೇ ಕಪ್ ಹಿಡಿಯಬೇಕು, ಎಳೆಯುವಾಗ ಅದು ಜಾರಬಹುದು.

ಆ ಮನೆಯಲ್ಲಿ ಈಗ ಕಪ್ಪಿಗೇ ಒಂದು ಸಣ್ಣ ಪಾತ್ರೆಯಿದೆ. ಮುಟ್ಟಿಗೆ ಮುಂಚೆ, ಮುಗಿದ ಮೇಲೆ ಐದು ನಿಮಿಷ ಕುದಿಸುತ್ತಾರೆ. ನೀರು ಧಾರಾಳ ಹಾಕುತ್ತಾರೆ, ಯಾಕೆಂದರೆ ಸೌದೆ ಒಲೆಯ ಮೇಲೆ ನೀರು ಇಂಗಿ ಕಪ್ ತಳಕ್ಕೆ ಅಂಟಿದರೆ ಸುಟ್ಟುಹೋಗುತ್ತದೆ. ಚಿಕ್ಕವಳ ಉರಿ ಎರಡನೇ ತಿಂಗಳಿಗೆ ಇಳಿಯಿತು. ಕಪ್ ಬಗ್ಗೆ ಅವಳಿನ್ನೂ ಕೇಳಿಲ್ಲ.