ವೇದಿಕೆಯ ಮಾತು, ಎಚ್‌ಆರ್ ಕೋಣೆಯ ಕಾಗದ

2017ರ ಜುಲೈನಲ್ಲಿ ಟೆಕ್ ಮಹೀಂದ್ರಾದ ಎಚ್‌ಆರ್ ಸಿಬ್ಬಂದಿಯೊಬ್ಬರು ಉದ್ಯೋಗಿಯೊಬ್ಬರ ಜೊತೆ ಆಡಿದ ಮಾತಿನ ಧ್ವನಿಮುದ್ರಿಕೆ ದೇಶದ ಐಟಿ ವಲಯದಲ್ಲೆಲ್ಲ ಹರಿದಾಡಿತು. ನಾಳೆ ಬೆಳಿಗ್ಗೆ ಹತ್ತು ಗಂಟೆಯೊಳಗೆ ರಾಜೀನಾಮೆ ಕೊಡಿ, ಇಲ್ಲವಾದರೆ ಕಂಪನಿಯೇ ನಿಮ್ಮನ್ನು ತೆಗೆಯುತ್ತದೆ ಎಂಬುದು ಅದರ ಸಾರ. ಕೊಟ್ಟ ಕಾರಣ ವೆಚ್ಚ ಕಡಿತ. ಆನಂದ್ ಮಹೀಂದ್ರಾ ಬಹಿರಂಗವಾಗಿ ಕ್ಷಮೆ ಕೇಳಿದರು, ಆಗಿನ ಸಿಇಒ ಸಿ.ಪಿ. ಗುರ್ನಾನಿ ವಿಷಾದ ಸೂಚಿಸಿದರು. ಅದೇ ವರ್ಷ ಬೆಂಗಳೂರಿನಲ್ಲಿ ಐಟಿ ನೌಕರರ ಸಂಘಟನೆ ಕೆಐಟಿಯು ಹುಟ್ಟಿಕೊಂಡಿತು.

ಆ ಮಾತು ಕ್ರೂರವೆನಿಸಿದ್ದು ದನಿಯಿಂದಲ್ಲ. ಕೇಳಿದರೆ ಆ ದನಿ ಸೌಮ್ಯವಾಗಿಯೇ ಇದೆ. ತೀರ್ಮಾನ ಕಂಪನಿಯದು, ಆದರೆ ಕಾಗದದ ಮೇಲೆ ಅದನ್ನು ಉದ್ಯೋಗಿಯ ತೀರ್ಮಾನವಾಗಿಸಬೇಕಿತ್ತು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಕಂಪನಿಗಳಲ್ಲಿ ಪುನರ್‌ರಚನೆಯ ಟೌನ್‌ಹಾಲ್ ಭಾಷಣ ಬರೆಯಲು ಕೂರುವ ಮ್ಯಾನೇಜರ್ ಮೊದಲು ನೋಡಬೇಕಾದ ಜಾಗ ಇದೇ. ವೇದಿಕೆಯಲ್ಲಿ ಆಡಿದ ಪ್ರತಿ ವಾಕ್ಯವೂ ಕೆಲವೇ ಗಂಟೆಗಳಲ್ಲಿ ಎಚ್‌ಆರ್ ಕೋಣೆಯ ಕಾಗದದ ಪಕ್ಕ ನಿಲ್ಲುತ್ತದೆ. ಎರಡೂ ಒಂದೇ ಹೇಳದಿದ್ದರೆ, ಎಷ್ಟೇ ಮೃದುವಾಗಿ ಮಾತಾಡಿದ್ದರೂ ಭಾಷಣ ಸುಳ್ಳಾಗುತ್ತದೆ.

ಆದ್ದರಿಂದ ಬರವಣಿಗೆ ಶುರುವಾಗಬೇಕಾದ್ದು ಕಾಗದದಿಂದ. ಹೋಗುವವರು ರಾಜೀನಾಮೆ ಕೊಡುತ್ತಾರೋ, ಕಂಪನಿ ಅವರನ್ನು ತೆಗೆಯುತ್ತದೋ? ಕೈಗಾರಿಕಾ ವಿವಾದ ಕಾಯ್ದೆಯ ಕಾಲದಿಂದಲೂ ನಿಯಮ ಸ್ಪಷ್ಟವಾಗಿದೆ. ಕಾಯ್ದೆಯ ಅರ್ಥದಲ್ಲಿ ಕಾರ್ಮಿಕನಾದವನನ್ನು ಹೆಚ್ಚುವರಿ ಎಂದು ತೆಗೆದರೆ ಕನಿಷ್ಠ ಒಂದು ತಿಂಗಳ ನೋಟಿಸ್ ಅಥವಾ ಅದರ ವೇತನ ಕೊಡಬೇಕು. ದುಡಿದ ಪ್ರತಿ ಪೂರ್ಣ ವರ್ಷಕ್ಕೆ ಹದಿನೈದು ದಿನದ ವೇತನ ಪರಿಹಾರವಾಗಿ ಸಲ್ಲಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಇದನ್ನು ಉಳಿಸಿಕೊಂಡು, ಮರುಕೌಶಲ ನಿಧಿಯ ಮೂಲಕ ಇನ್ನೂ ಹದಿನೈದು ದಿನದ ವೇತನವನ್ನು ಸೇರಿಸಿದೆ. ತಿಂಗಳಿಗೆ 26,000 ರೂಪಾಯಿ ಪಡೆಯುವ, ಎಂಟು ವರ್ಷ ದುಡಿದ ಪೀಣ್ಯದ ಮಷಿನ್ ಆಪರೇಟರ್ ಒಬ್ಬರಿದ್ದಾರೆ ಎನ್ನೋಣ. ಹದಿನೈದು ದಿನವನ್ನು ಅರ್ಧ ತಿಂಗಳೆಂದು ಹಿಡಿದರೂ ಪರಿಹಾರ 1,04,000 ರೂಪಾಯಿ. ನೋಟಿಸ್‌ನ ವೇತನ ಬೇರೆ. ರಾಜೀನಾಮೆಗೆ ಸಹಿ ಹಾಕಿದ ಕ್ಷಣ ಈ ಪರಿಹಾರದ ಹಕ್ಕು ಹೋಗುತ್ತದೆ. ಗ್ರಾಚ್ಯುಟಿ, ಪಿಎಫ್ ಮಾತ್ರ ಉಳಿಯುತ್ತವೆ. ಇಷ್ಟೆಲ್ಲ ಗೊತ್ತಿದ್ದೂ ‘ಕೆಲವು ಸಹೋದ್ಯೋಗಿಗಳು ಹೊಸ ಅವಕಾಶಗಳನ್ನು ಹುಡುಕಿಕೊಳ್ಳಲಿದ್ದಾರೆ’ ಎಂದು ವೇದಿಕೆಯಲ್ಲಿ ಹೇಳುವುದನ್ನು ಸೌಜನ್ಯ ಎಂದು ನಾನು ಒಪ್ಪುವುದಿಲ್ಲ. ಅದು ಕೇಳುಗನ ಜೇಬಿಗೆ ಕೈ ಹಾಕುವ ವಾಕ್ಯ.

ಮ್ಯಾನೇಜರ್ ಹುದ್ದೆಯವರಿಗೆ ಈ ರಕ್ಷಣೆ ಇಲ್ಲ. ತಾಂತ್ರಿಕ ಕೆಲಸ ಮಾಡುವ ಎಂಜಿನಿಯರ್‌ಗೆ ಇದೆ ಎಂಬುದು ಕೆಐಟಿಯು ವಾದ. ಅನೇಕ ಕಂಪನಿಗಳು ಒಪ್ಪುವುದಿಲ್ಲ. ಆ ತಕರಾರು ಭಾಷಣದಲ್ಲಿ ಬಗೆಹರಿಯುವಂಥದ್ದಲ್ಲ. ಆದರೆ ಹೋಗುವುದನ್ನು ಯಾರು ನಿರ್ಧರಿಸಿದರು ಎಂಬುದನ್ನು ಹೇಳಲು ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಪದದ ಆಯ್ಕೆಯಲ್ಲಿ ಇನ್ನೊಂದು ತೊಡಕಿದೆ. ವೈಟ್‌ಫೀಲ್ಡ್‌ನಲ್ಲಿ ಲೇಆಫ್ ಎಂದರೆ ಕೆಲಸ ಹೋಯಿತು ಎಂದೇ ಅರ್ಥ. ಕಾನೂನಿನಲ್ಲಿ ಹಾಗಲ್ಲ: ಕೆಲಸ ಕೊಡಲಾಗದ ಅವಧಿಗೆ ಕಾರ್ಮಿಕನನ್ನು ತಾತ್ಕಾಲಿಕವಾಗಿ ಹೊರಗಿಟ್ಟು ಅರ್ಧ ವೇತನ ಕೊಡುವುದು ಲೇಆಫ್, ಖಾಯಂ ಆಗಿ ತೆಗೆಯುವುದು ರಿಟ್ರೆಂಚ್‌ಮೆಂಟ್. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನ ಗಾರ್ಮೆಂಟ್ ಘಟಕದಲ್ಲಿ ಸಾವಿರಕ್ಕೂ ಹೆಚ್ಚು ಕಾರ್ಮಿಕರ ಮುಂದೆ ಬಂದದ್ದು ಲೇಆಫ್ ನೋಟಿಸ್. ಹೆಚ್ಚಿನವರು ಹೆಂಗಸರು. ಘಟಕ ಮುಚ್ಚಿಯೇ ಹೋಗುತ್ತದೆ ಎಂದು ಅರಿತ ಅವರು ವಾರಗಟ್ಟಲೆ ಗೇಟಿನ ಬಳಿ ಕುಳಿತರು. ಪೀಣ್ಯದ ಶಾಪ್‌ಫ್ಲೋರ್‌ನಲ್ಲಿ ಮಾತಾಡುವ ಮ್ಯಾನೇಜರ್ ಈ ಪದವನ್ನು ಹಾಗೇ ಎಸೆಯಬಾರದು. ‘ಜುಲೈ ಒಂದರಿಂದ ಈ ಲೈನ್ ನಿಲ್ಲುತ್ತದೆ, ಮತ್ತೆ ಶುರುವಾಗುವುದಿಲ್ಲ’ ಎಂದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ.

ಈಗ ಭಾಷಣವನ್ನೇ ನೋಡೋಣ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಚೇರಿಯನ್ನು ಕಲ್ಪಿಸಿಕೊಳ್ಳಿ. 260 ಜನ, ಎರಡು ಟೆಸ್ಟಿಂಗ್ ತಂಡಗಳು. ದೊಡ್ಡ ಗ್ರಾಹಕ ಕಂಪನಿ ನಗರದಲ್ಲಿ ತನ್ನದೇ ಕೇಂದ್ರ ತೆರೆದು ಕೆಲಸವನ್ನು ಅಲ್ಲಿಗೆ ಒಯ್ಯುತ್ತಿದೆ. ಎರಡು ತಂಡ ಒಂದಾಗುತ್ತವೆ, 34 ಹುದ್ದೆ ಹೋಗುತ್ತವೆ. ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ: ‘ಮಾರುಕಟ್ಟೆಯ ಸವಾಲುಗಳ ಹಿನ್ನೆಲೆಯಲ್ಲಿ, ಭವಿಷ್ಯಕ್ಕೆ ಸಜ್ಜಾಗುವ ನಿಟ್ಟಿನಲ್ಲಿ, ನಮ್ಮ ಕುಟುಂಬದ ರಚನೆಯನ್ನು ಮರುಹೊಂದಿಸಲಾಗುತ್ತಿದೆ. ಇದು ನನಗೆ ತುಂಬ ಕಷ್ಟದ ದಿನ.’ ಇದರಲ್ಲಿ ಕರ್ತೃವೇ ಇಲ್ಲ, ಸಂಖ್ಯೆಯೂ ಇಲ್ಲ. ಮುಂದಿನ ಹತ್ತು ನಿಮಿಷ ಹಿಂದಿನ ತ್ರೈಮಾಸಿಕದ ಸ್ಲೈಡ್‌ಗಳು ಬರುತ್ತವೆ, ಸಭೆಯಲ್ಲಿ ಒಬ್ಬರೂ ಅವನ್ನು ನೋಡುತ್ತಿರುವುದಿಲ್ಲ.

ತಿದ್ದಿದ ಕರಡು ಹೀಗೆ ಶುರುವಾಗಲಿ: ‘ಎರಡು ಟೆಸ್ಟಿಂಗ್ ತಂಡಗಳನ್ನು ಒಂದು ಮಾಡಲು ನಾವು ತೀರ್ಮಾನಿಸಿದ್ದೇವೆ. ಇಲ್ಲಿನ 260 ಹುದ್ದೆಗಳಲ್ಲಿ 34 ಇನ್ನು ಇರುವುದಿಲ್ಲ. ಆ 34 ಜನರ ಜೊತೆ ಇವತ್ತು ಸಂಜೆ ಐದರೊಳಗೆ ನಾನು ಅಥವಾ ನಿಮ್ಮ ಲೀಡ್ ಒಬ್ಬೊಬ್ಬರಾಗಿ ಕೂತು ಮಾತಾಡುತ್ತೇವೆ. ಐದರ ತನಕ ಕರೆ ಬರದವರ ಹುದ್ದೆ ಈ ತೀರ್ಮಾನದಲ್ಲಿ ಇಲ್ಲ. ನಾವು ಯಾರ ಹತ್ತಿರವೂ ರಾಜೀನಾಮೆ ಕೇಳುವುದಿಲ್ಲ. ಹುದ್ದೆ ರದ್ದಾಗಿದೆ ಎಂದೇ ಪತ್ರದಲ್ಲಿರುತ್ತದೆ.’ ಒಂದು ನಿಮಿಷವೂ ಹಿಡಿಯದ ಮಾತು. ಸಭೆಯಲ್ಲಿರುವ ಪ್ರತಿಯೊಬ್ಬರ ಮನಸ್ಸಿನಲ್ಲಿರುವ ‘ನಾನಾ?’ ಎಂಬ ಪ್ರಶ್ನೆಗೆ ಉತ್ತರ ಸಿಗದಿದ್ದರೂ, ಉತ್ತರ ಯಾವಾಗ ಸಿಗುತ್ತದೆಂದು ಗೊತ್ತಾಯಿತು. ಅದಾದ ಮೇಲೆಯೇ ಅವರು ಕಾರಣ ಕೇಳಿಸಿಕೊಳ್ಳಬಲ್ಲರು.

ಕಾರಣ ಹೇಳುವಾಗ ಹೆಚ್ಚು ಎಚ್ಚರ ಬೇಕು. ಗ್ರಾಹಕ ಕೆಲಸ ಒಯ್ದದ್ದರಿಂದ ಹುದ್ದೆ ಹೋಗುತ್ತಿದ್ದರೆ ಅಷ್ಟನ್ನೇ ಹೇಳಬೇಕು. ಇದು ಆರು ತಿಂಗಳ ಹಿಂದೆಯೇ ತಿಳಿದಿದ್ದರೆ ಅದನ್ನೂ ಹೇಳಬೇಕು; ಸಭೆಯಲ್ಲಿ ಯಾರಿಗಾದರೂ ಅದು ಗೊತ್ತಿದ್ದೇ ಇರುತ್ತದೆ. ಜೊತೆಗೆ ‘ಕೌಶಲದ ಹೊಂದಾಣಿಕೆ’, ‘ಉನ್ನತ ಗುಣಮಟ್ಟ’ ಎಂಬ ಮಾತನ್ನು ಬೆರೆಸಿದರೆ ಹೋಗುವ 34 ಜನರೂ ಕೈಲಾಗದವರು ಎಂಬ ಹಣೆಪಟ್ಟಿ ಹೊತ್ತು ಮುಂದಿನ ಇಂಟರ್‌ವ್ಯೂಗೆ ಹೋಗುತ್ತಾರೆ. ಅದು ನಡೆಯುವುದು ಇದೇ ಹೊಸೂರು ರಸ್ತೆಯಲ್ಲಿ, ಇವರನ್ನು ಬಲ್ಲವರ ಎದುರಿನಲ್ಲಿ. ನಿಜವಾಗಿಯೂ ರೇಟಿಂಗ್ ನೋಡಿ ಆರಿಸಿದ್ದರೆ ಯಾವ ವರ್ಷದ್ದು, ಯಾರು ನೋಡಿದರು ಎಂದು ಹೇಳಬೇಕು. ಆಗ ಅದನ್ನು ಪ್ರಶ್ನಿಸಲು ದಾರಿಯಾದರೂ ಇರುತ್ತದೆ.

ಸಂಖ್ಯೆಯ ವ್ಯಾಖ್ಯೆಯೂ ಮುಖ್ಯ. 2025ರ ಜುಲೈ 27ರಂದು, ಒಂದು ಭಾನುವಾರ, ಟಿಸಿಎಸ್ ತನ್ನ ಸಿಬ್ಬಂದಿಯ ಶೇ 2ರಷ್ಟು, ಅಂದರೆ ಸುಮಾರು 12,200 ಜನರನ್ನು ಕೈಬಿಡುವ ಸುದ್ದಿ ಹೊರಬಿತ್ತು. ಸೆಪ್ಟೆಂಬರ್ ಅಂತ್ಯದ ತ್ರೈಮಾಸಿಕದಲ್ಲಿ ಕಂಪನಿಯ ಒಟ್ಟು ಸಿಬ್ಬಂದಿ 19,000ಕ್ಕೂ ಹೆಚ್ಚು ಕಡಿಮೆಯಾಗಿತ್ತು. ಕೈಬಿಟ್ಟದ್ದು ಸುಮಾರು 6,000 ಜನರನ್ನು ಎಂದು ಕಂಪನಿ ಹೇಳಿತು. ನಡುವಿನ ಸಾವಿರಾರು ಜನ ತಾವಾಗಿ ಹೋದರೋ, ಹೋಗುವಂತೆ ಮಾಡಲಾಯಿತೋ ಎಂಬ ವಾಗ್ವಾದ ನಡೆಯಿತು. ಬಲವಂತದ ರಾಜೀನಾಮೆಗಳೆಂದು ಸಂಘಟನೆಗಳು ಆರೋಪಿಸಿದವು, ಕಂಪನಿ ನಿರಾಕರಿಸಿತು. ಯಾರ ಲೆಕ್ಕ ಸರಿ ಎಂಬುದಕ್ಕಿಂತ ನನ್ನನ್ನು ಕಾಡುವುದು, ಇಂಥ ತಕರಾರಿಗೆ ಜಾಗ ಎಲ್ಲಿಂದ ಬರುತ್ತದೆ ಎಂಬುದು. ನಮ್ಮ ಉದಾಹರಣೆಯ ಮ್ಯಾನೇಜರ್ ‘34’ ಎಂದಾಗ ಅದರಲ್ಲಿ ಬೆಂಚ್ ಮೇಲಿರುವವರು, ಪ್ರೊಬೇಷನ್‌ನಲ್ಲಿರುವವರು, ವರ್ಗ ಒಪ್ಪದೆ ಹೋಗುವವರು ಸೇರಿದ್ದಾರೋ ಇಲ್ಲವೋ ಎಂಬ ಒಂದೇ ವಾಕ್ಯ ಆ ಜಾಗವನ್ನು ಮುಚ್ಚುತ್ತದೆ.

ಮ್ಯಾನೇಜರ್‌ಗೆ ಮಿತಿಗಳಿವೆ, ಅವು ನಿಜವಾದವು. ಕಂಪನಿ ಷೇರುಪೇಟೆಯಲ್ಲಿದ್ದರೆ ಬೆಲೆಯ ಮೇಲೆ ಪರಿಣಾಮ ಬೀರುವ ಮಾಹಿತಿಯನ್ನು ವಿನಿಮಯ ಕೇಂದ್ರಕ್ಕೆ ತಿಳಿಸುವ ಮೊದಲು ಸಭೆಯಲ್ಲಿ ಹೇಳುವಂತಿಲ್ಲ. ಮುಖ್ಯ ಕಚೇರಿ ಅಮೆರಿಕದಲ್ಲಿದ್ದರೆ ಅನೇಕ ತೀರ್ಮಾನಗಳು ಅವರ ಕೈಯಲ್ಲೇ ಇರುವುದಿಲ್ಲ. ಇದನ್ನು ಮರೆಮಾಚಲು ಹೋದಾಗಲೇ ‘ಇನ್ನು ಮುಂದೆ ಹೀಗಾಗುವುದಿಲ್ಲ’ ಎಂಬ ಅಪಾಯದ ಮಾತು ಬಾಯಿಗೆ ಬರುತ್ತದೆ. ಎರಡನೇ ಸುತ್ತು ಇದೆಯಾ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹೇಳಬಹುದಾದ ಉತ್ತರ ಇಷ್ಟು: ‘ಇವತ್ತಿಗೆ ಇನ್ನೊಂದು ಪಟ್ಟಿ ನನ್ನ ಹತ್ತಿರ ಇಲ್ಲ. ಮಾರ್ಚ್‌ನ ಬಜೆಟ್ ಇನ್ನೂ ಆಗಿಲ್ಲ, ಅದು ನನ್ನ ಕೈಯಲ್ಲಿಲ್ಲ. ಆದ ವಾರದಲ್ಲೇ ಇಲ್ಲೇ ನಿಂತು ಹೇಳುತ್ತೇನೆ.’ ಇದು ಸಮಾಧಾನ ತರುವುದಿಲ್ಲ. ಆದರೆ ಮನೆ ಸಾಲಕ್ಕೆ ಸಹಿ ಹಾಕಲು ಹೊರಟವನೊಬ್ಬ ಮಾರ್ಚ್‌ವರೆಗೆ ಕಾಯಬಹುದು.

ತನ್ನ ನೋವನ್ನು ಎಷ್ಟು ಹೇಳಿಕೊಳ್ಳಬೇಕು? 2021ರ ಡಿಸೆಂಬರ್‌ನಲ್ಲಿ ಅಮೆರಿಕದ ಬೆಟರ್ ಡಾಟ್ ಕಾಮ್‌ನ ವಿಶಾಲ್ ಗರ್ಗ್ ಕೆಲವೇ ನಿಮಿಷಗಳ ಜೂಮ್ ಕರೆಯಲ್ಲಿ ಸುಮಾರು 900 ಜನರನ್ನು ತೆಗೆದರು. ಅವರಲ್ಲಿ ಭಾರತದವರೂ ಇದ್ದರು. ಹಿಂದೊಮ್ಮೆ ಹೀಗೆ ಮಾಡಿದಾಗ ತಾನು ಅತ್ತದ್ದನ್ನು ಅದೇ ಕರೆಯಲ್ಲಿ ನೆನೆದರು. ಕೆಲಸ ಕಳೆದುಕೊಂಡವನಿಗೆ ಆ ಮಾತಿನಿಂದ ಸಿಕ್ಕಿದ್ದೇನೂ ಇಲ್ಲ. 2020ರ ಮೇನಲ್ಲಿ ಏರ್‌ಬಿಎನ್‌ಬಿಯ ಬ್ರಯಾನ್ ಚೆಸ್ಕಿ ಬರೆದ ಪತ್ರದಲ್ಲೂ ಭಾವನೆ ಧಾರಾಳವಾಗಿತ್ತು. ಆದರೆ 7,500ರಲ್ಲಿ ಸುಮಾರು 1,900 ಜನ ಹೋಗುತ್ತಾರೆ, ಹೇಗೆ ಆರಿಸಿದೆವು, ಎಷ್ಟು ವಾರದ ವೇತನ, ಆರೋಗ್ಯ ವಿಮೆ ಎಲ್ಲಿಯವರೆಗೆ, ಲ್ಯಾಪ್‌ಟಾಪ್ ಇಟ್ಟುಕೊಳ್ಳಬಹುದೇ ಎಂಬುದೆಲ್ಲ ಅದರಲ್ಲಿತ್ತು. ‘ನಿಮಗೆ ಹೀಗಾಗುತ್ತಿರುವುದಕ್ಕೆ ಕ್ಷಮಿಸಿ’ ಎಂಬ ಒಂದು ಮಾತು, ಅದೂ ವಿವರಗಳೆಲ್ಲ ಮುಗಿದ ಮೇಲೆ, ಸಾಕು.

ನಮ್ಮಲ್ಲಿ ವಿಮೆಯ ವಿವರ ಬೇರೆಲ್ಲದಕ್ಕಿಂತ ಮೊದಲು ಬರಬೇಕೆಂದು ನನ್ನ ಅಭಿಪ್ರಾಯ. ಕಂಪನಿಯ ಗುಂಪು ವಿಮೆಯಲ್ಲಿ ಅನೇಕ ವೇಳೆ ಉದ್ಯೋಗಿಯ ತಂದೆತಾಯಿಯೂ ಇರುತ್ತಾರೆ. ಅದು ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ನಿಲ್ಲುತ್ತದೆ. ಡಯಾಲಿಸಿಸ್‌ನಲ್ಲಿರುವ ಅಪ್ಪನಿಗೆ ಹೊಸ ಪಾಲಿಸಿ ಸಿಗುವುದು ಸುಲಭವಲ್ಲ. ಆ ದಿನಾಂಕವನ್ನು ವೇದಿಕೆಯಲ್ಲೇ ಹೇಳಿ, ಆಗುವುದಾದರೆ ಮೂರು ತಿಂಗಳು ಮುಂದಕ್ಕೆ ಹಾಕಬೇಕು.

ಯಾವ ಹೊತ್ತಿನಲ್ಲಿ, ಯಾವ ಭಾಷೆಯಲ್ಲಿ ಎಂಬುದೂ ಮಾತಿನ ಭಾಗವೇ. ಶುಕ್ರವಾರ ಸಂಜೆ ಹೇಳಿದರೆ ಎರಡು ದಿನ ಪ್ರಶ್ನೆ ಕೇಳಲು ಯಾರೂ ಸಿಗುವುದಿಲ್ಲ. ವಾರದ ನಡುವಿನ ಬೆಳಿಗ್ಗೆಯೇ ಸರಿ. ಪೀಣ್ಯದಲ್ಲಿ ಮೊದಲ ಪಾಳಿ ಮುಗಿದು ಎರಡನೆಯದು ಶುರುವಾಗುವ ಮಧ್ಯಾಹ್ನದ ಹೊತ್ತಿಗೆ ಹೇಳಿದರೆ ಎರಡೂ ಪಾಳಿಯವರಿಗೆ ಒಂದೇ ಬಾಯಿಂದ ಕೇಳುತ್ತದೆ, ಇಲ್ಲದಿದ್ದರೆ ಎರಡನೇ ಪಾಳಿಯವರಿಗೆ ತಲುಪುವುದು ಬಸ್ಸಿನಲ್ಲಿ ಬೆಳೆದ ಸುದ್ದಿ. ಅಲ್ಲಿ ಮಾತು ಕನ್ನಡದಲ್ಲೇ ಇರಬೇಕು, ಹಂಚುವ ಪ್ರತಿಯೂ ಕನ್ನಡದಲ್ಲಿರಬೇಕು.

ಈ ಸಭೆಗಳಿಗೆ ಕರೆಯದೆ ಉಳಿಯುವವರೂ ಇದ್ದಾರೆ. 34 ಹುದ್ದೆಗಳ ಜೊತೆ ಒಂದು ಮಹಡಿ ಖಾಲಿಯಾದರೆ ಅಲ್ಲಿನ ಹೌಸ್‌ಕೀಪಿಂಗ್‌ನವರು, ಸೆಕ್ಯುರಿಟಿ, ಕ್ಯಾಂಟೀನ್ ಹುಡುಗರು, ಕ್ಯಾಬ್ ಚಾಲಕರು ಗುತ್ತಿಗೆದಾರನಿಂದ ಒಂದು ಫೋನ್ ಕರೆಯಲ್ಲಿ ವಿಷಯ ತಿಳಿಯುತ್ತಾರೆ. ಅವರು ನಮ್ಮ ಪೇರೋಲ್‌ನಲ್ಲಿಲ್ಲ ಎಂದು ಕಂಪನಿ ಹೇಳುತ್ತದೆ. ಹಾಗಿದ್ದರೂ ಮಹಡಿ ಯಾವ ದಿನ ಮುಚ್ಚುತ್ತದೆಂದು ತಿಳಿದಿರುವುದು ಆ ಮ್ಯಾನೇಜರ್‌ಗೆ ಮಾತ್ರ. ಗುತ್ತಿಗೆದಾರರನ್ನು ಅದೇ ದಿನ ಕರೆಸಿ, ದಿನಾಂಕ ಹೇಳಿ, ಅವರ ಕೆಲಸಗಾರರಿಗೆ ಸಲ್ಲಬೇಕಾದ ಬಾಕಿ ತೀರಿದ ಮೇಲೆಯೇ ಕೊನೆಯ ಬಿಲ್ ಪಾಸಾಗುತ್ತದೆ ಎಂದು ಬರವಣಿಗೆಯಲ್ಲಿ ಕೊಡುವ ಅಧಿಕಾರ ಬಹುತೇಕ ಕಚೇರಿಗಳ ಆಡಳಿತ ವಿಭಾಗಕ್ಕೆ ಇದೆ.