ಮೊದಲು ಲೆಕ್ಕ, ಆಮೇಲೆ ಕಾಗದ
ಮೊರಬದ ಪಗಾರದಾರರಿಗೂ ಅವರ ಮನೆಯವರಿಗೂ

ಏಪ್ರಿಲ್ ಬಂತೆಂದರೆ ಕಚೇರಿಗಳಲ್ಲಿ ಒಂದು ಕಾಗದ ತಿರುಗಾಡುತ್ತದೆ. ವರ್ಷಕ್ಕೆ ಎಷ್ಟು ಬಾಡಿಗೆ ಕಟ್ಟುತ್ತೀರಿ, ಗೃಹಸಾಲದ ಬಡ್ಡಿ ಎಷ್ಟು ಎಂದು ಕೇಳುವ ನಮೂನೆ ಅದು. ಅದನ್ನು ನೋಡಿಕೊಂಡು ಮಾಲೀಕರು ತಿಂಗಳ ಪಗಾರದಲ್ಲಿ ತೆರಿಗೆ ಕಡಿಮೆ ಮುರಿಯುತ್ತಾರೆ. ಊರಲ್ಲಿ ಸಾಲ ಮಾಡಿ ಮನೆ ಕಟ್ಟಿಸಿ, ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಬಾಡಿಗೆಗಿರುವವರಿಗೆ ಎರಡೂ ಅಂಕಣ ಅನ್ವಯಿಸುತ್ತವೆ. ಸ್ವಂತ ಮನೆ ಇದ್ದವರು ಬಾಡಿಗೆ ತೋರಿಸುವಂತಿಲ್ಲ ಎಂಬ ಮಾತು ಸುಳ್ಳು. ನೌಕರಿ ಬೇರೆ ಊರಲ್ಲಿದ್ದರೆ ಎರಡನ್ನೂ ಒಟ್ಟಿಗೆ ತೋರಿಸಬಹುದು.

ಆದರೆ ಕಾಗದ ತುಂಬಿದ ಮಾತ್ರಕ್ಕೆ ಲಾಭವಾಗುವುದಿಲ್ಲ. ಬಾಡಿಗೆ ಭತ್ಯೆಯ ವಿನಾಯಿತಿ, ವಾಸದ ಮನೆಯ ಸಾಲದ ಬಡ್ಡಿ ಎರಡೂ ಸಿಗುವುದು ಹಳೆ ತೆರಿಗೆ ಪದ್ಧತಿಯಲ್ಲಿ ಮಾತ್ರ. 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯಿಸುತ್ತದೆ. ಹಳೆಯದು ಬೇಕೆಂದು ನೌಕರನೇ ತಿಳಿಸಬೇಕು. ತಿಳಿಸದೆ ಬರೀ ಬಾಡಿಗೆ ರಸೀದಿ ಕೊಟ್ಟರೆ ಅದು ಕಡತದಲ್ಲಿ ಸುಮ್ಮನೆ ಕೂರುತ್ತದೆ. ತಿಳಿಸಿದರೆ ನಷ್ಟವಾಗುವುದೂ ಉಂಟು.

2025-26ರ ದರದಲ್ಲಿ ಒಂದು ಲೆಕ್ಕ ನೋಡೋಣ. ಹುಬ್ಬಳ್ಳಿಯಲ್ಲಿ ತಿಂಗಳಿಗೆ 90,000 ರೂಪಾಯಿ ಪಗಾರದ ಮೊರಬದ ಹುಡುಗ ಎಂದಿಟ್ಟುಕೊಳ್ಳಿ. ಹೊಸ ಪದ್ಧತಿಯಲ್ಲಿ ಪಗಾರದಾರರಿಗೆ ಸಿಗುವ 75,000 ಕಳೆದ ಮೇಲೆ ಆದಾಯ 12 ಲಕ್ಷ ದಾಟುವುದಿಲ್ಲ, ತೆರಿಗೆ ಸೊನ್ನೆ. ಅದೇ ಹುಡುಗ ಯಾರದೋ ಮಾತು ಕೇಳಿ ಹಳೆ ಪದ್ಧತಿ ಆರಿಸಿ 14,000 ಬಾಡಿಗೆ, 1.8 ಲಕ್ಷ ಬಡ್ಡಿ, ಭವಿಷ್ಯ ನಿಧಿಯೂ ಸೇರಿ 1.5 ಲಕ್ಷ ಉಳಿತಾಯ ತೋರಿಸಿದರೂ, ಮೂಲ ವೇತನ 60,000 ಇದ್ದಲ್ಲಿ, ಸುಮಾರು 34,600 ರೂಪಾಯಿ ಮುರಿಯುತ್ತದೆ. ತೆರಿಗೆ ಉಳಿಸಲು ಬರೆದ ಕಾಗದವೇ ತೆರಿಗೆ ತಂದಂತೆ!

ಹಾಗಾದರೆ ಹಳೆ ಪದ್ಧತಿ ಯಾರಿಗೆ ಬೇಕು? ಬೆಂಗಳೂರಲ್ಲಿ ವರ್ಷಕ್ಕೆ 18 ಲಕ್ಷ ಪಡೆಯುವವಳನ್ನು ನೋಡಿ. ಮೂಲ ವೇತನ ತಿಂಗಳಿಗೆ 90,000, ಬಾಡಿಗೆ ಭತ್ಯೆ 36,000, ಕಟ್ಟುವ ಬಾಡಿಗೆ 35,000. ವಿನಾಯಿತಿ ಎಷ್ಟೆಂದು ತಿಳಿಯಲು ಮೂರು ಮೊತ್ತ ನೋಡಬೇಕು: ಸಿಕ್ಕ ಭತ್ಯೆ, 2025-26ರಲ್ಲಿದ್ದಂತೆ ಮೂಲ ವೇತನದ ಶೇ 40, ಮತ್ತು ಬಾಡಿಗೆಯಲ್ಲಿ ಮೂಲ ವೇತನದ ಶೇ 10 ಕಳೆದು ಉಳಿದದ್ದು. ಇವುಗಳಲ್ಲಿ ಅತಿ ಕಡಿಮೆಯದೇ ಲೆಕ್ಕಕ್ಕೆ. ಇಲ್ಲಿ ಮೂರನೆಯದು ಕಡಿಮೆ, ವರ್ಷಕ್ಕೆ 3,12,000. ಅದರ ಮೇಲೆ ಮೊರಬದ ಮನೆಯ ಬಡ್ಡಿ 2 ಲಕ್ಷ, ಉಳಿತಾಯ 1.5 ಲಕ್ಷ, ಊರಲ್ಲಿರುವ 60 ದಾಟಿದ ತಂದೆತಾಯಿಯ ಆರೋಗ್ಯ ವಿಮೆ 30,000, ಹಳೆ ಪದ್ಧತಿಯಲ್ಲಿ ಎಲ್ಲ ಪಗಾರದಾರರಿಗೂ ಸಿಗುವ 50,000 ಕಳೆದರೆ ತೆರಿಗೆ 1,35,096. ಹೊಸ ಪದ್ಧತಿಯಲ್ಲಿ 1,50,800. ತಿಂಗಳಿಗೆ ಸುಮಾರು 1,300 ಉಳಿಯಿತು. ಬಾಡಿಗೆ 25,000 ಆಗಿದ್ದರೆ ಹೊಸದೇ ಅಗ್ಗವಾಗುತ್ತಿತ್ತು.

ಇನ್ನು ಮನೆಯ ಬಡ್ಡಿ. ಹಳ್ಳಿಯಲ್ಲಿ ಎಡವುವುದು ಹೆಚ್ಚಾಗಿ ಇಲ್ಲೇ. ಸಾಲ ಮಗನದು, ಜಾಗ ಅಪ್ಪನದು, ಪಂಚಾಯಿತಿ ದಾಖಲೆಯೂ ಅಪ್ಪನ ಹೆಸರಲ್ಲೇ. ಕಂತು ತಾನು ಕಟ್ಟಿದರೂ ಮನೆಗೆ ತಾನು ಮಾಲೀಕನೆಂದು ತೋರಿಸಲಾಗದವನಿಗೆ ಬಡ್ಡಿಯ ಕಡಿತ ಸಿಗದು. ಸಾಲಕ್ಕೆ ಸಹಿ ಹಾಕುವ ಮೊದಲೇ ಹೆಸರಿನ ವಿಷಯ ಮುಗಿಸಿಕೊಳ್ಳಬೇಕು. ಗೋಡೆ ಏಳುತ್ತಿರುವಾಗಲೂ ಬಡ್ಡಿ ತೋರಿಸುವಂತಿಲ್ಲ. ಕೆಲಸ ಮುಗಿದ ವರ್ಷದಿಂದ ಆ ಹಳೆ ಬಡ್ಡಿಯನ್ನು ಐದು ಸಮ ಭಾಗ ಮಾಡಿ, ಒಟ್ಟು 2 ಲಕ್ಷದ ಮಿತಿಯೊಳಗೆ ಸೇರಿಸಿಕೊಳ್ಳಬಹುದು. ಸಾಲ ಪಡೆದ ಆರ್ಥಿಕ ವರ್ಷ ಮುಗಿದು ಐದು ವರ್ಷದೊಳಗೆ ಮನೆ ಪೂರ್ಣವಾಗದಿದ್ದರೆ ಆ 2 ಲಕ್ಷ 30,000ಕ್ಕೆ ಇಳಿಯುತ್ತದೆ. ಬೆಳೆ ಬಂದ ವರ್ಷ ಒಂದಂಕಣ, ಬಾರದ ವರ್ಷ ಬರೀ ಪಾಯ ಎಂದು ಕಟ್ಟಿಸುವವರು ಇದನ್ನು ಗಮನಿಸಬೇಕು. ಮನೆಗೆಂದು ಖರ್ಚಾದರೂ ಬೆಳೆಸಾಲದ ಕಾಗದ ಇಲ್ಲಿ ನಡೆಯುವುದಿಲ್ಲ. ನಮೂನೆಯಲ್ಲಿ ಸಾಲ ಕೊಟ್ಟವರ ಹೆಸರು, ವಿಳಾಸ, ಪ್ಯಾನ್ ಬರೆಯಬೇಕು. ಜೊತೆಗೆ ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ.

ಬಾಡಿಗೆ ವರ್ಷಕ್ಕೆ ಒಂದು ಲಕ್ಷ ದಾಟಿದರೆ ಮನೆ ಮಾಲೀಕರ ಪ್ಯಾನ್ ಬೇಕೇ ಬೇಕು. ಹುಬ್ಬಳ್ಳಿಯಲ್ಲಿ ವಾಸ, ಬಾಡಿಗೆ ಮಾತ್ರ ಮೊರಬದ ಅಪ್ಪನಿಗೆ ಎಂದು ಬರೆಯುವ ಚಾಲಾಕಿ ಅಪಾಯದ್ದು. ವಾಸವಿಲ್ಲದ ಮನೆಯ ಬಾಡಿಗೆಗೆ ವಿನಾಯಿತಿ ಇಲ್ಲ, ಬಾಡಿಗೆ ಪಡೆದೆ ಎಂದವರು ಅದನ್ನು ತಮ್ಮ ಆದಾಯದಲ್ಲಿ ತೋರಿಸಲೂ ಬೇಕು. ತೋರಿಸದಿದ್ದರೆ ಪ್ಯಾನ್ ಹಿಡಿದು ಹೊಂದಿಸಿದಾಗ ವ್ಯತ್ಯಾಸ ಹೊರಬೀಳುತ್ತದೆ. ಬಾಡಿಗೆಯನ್ನು ನಗದಾಗಿ ಕೊಡದೆ ಖಾತೆಗೆ ಹಾಕಿದರೆ ರಸೀದಿಗೆ ಬಲ ಬರುತ್ತದೆ.

ವರ್ಷದ ಮೊದಲಿಗೆ ಕೊಟ್ಟದ್ದು ಅಂದಾಜು. ಜನವರಿ-ಫೆಬ್ರವರಿಯಲ್ಲಿ ಕಚೇರಿ ಪುರಾವೆ ಕೇಳುತ್ತದೆ. ಕೊಡದಿದ್ದರೆ ಮಾರ್ಚ್ ಪಗಾರದಲ್ಲಿ ಇಡೀ ವರ್ಷದ ಬಾಕಿ ಒಮ್ಮೆಗೇ ಮುರಿದುಕೊಳ್ಳುತ್ತಾರೆ. ಆಗಲೂ ಹಕ್ಕು ಹೋಗುವುದಿಲ್ಲ. ಪಗಾರವೊಂದೇ ಆದಾಯವಿರುವವರು ಗಡುವಿನೊಳಗೆ ರಿಟರ್ನ್ ಸಲ್ಲಿಸುವಾಗ ಪದ್ಧತಿಯನ್ನೂ ಬದಲಿಸಿ, ಬಾಡಿಗೆ, ಬಡ್ಡಿ ತೋರಿಸಿ, ಹೆಚ್ಚು ಮುರಿದ ಹಣವನ್ನು ಬ್ಯಾಂಕ್ ಖಾತೆಗೆ ಹಿಂದಕ್ಕೆ ಪಡೆಯಬಹುದು.