ಶೇಕಡಾ ಲೆಕ್ಕಕ್ಕೆ ಸಿಗದ ಟೈಲ್ಸ್

ಆಳಂದ, ಅಫಜಲಪುರ, ಜೇವರ್ಗಿ ಕಡೆ ಮನೆ ಕಟ್ಟಿಸುವವರ ಅಂದಾಜು ಪಟ್ಟಿಯಲ್ಲಿ ವೇಸ್ಟೇಜ್ ಸಾಮಾನ್ಯವಾಗಿ ಹೀಗಿರುತ್ತದೆ: ಸಿಮೆಂಟಿಗೆ ಶೇ. 2-3, ಕಬ್ಬಿಣಕ್ಕೆ 3-5, ಇಟ್ಟಂಗಿಗೆ 5, ಟೈಲ್ಸಿಗೆ 5ರಿಂದ 10. ದೊಡ್ಡ ಕಟ್ಟಡಗಳಲ್ಲಿ ಈ ಸರಾಸರಿ ನಡೆಯುತ್ತದೆ. ಒಂದೇ ಮನೆಯಲ್ಲಿ ಅದು ಕೈಕೊಡುವುದುಂಟು.

11 ಅಡಿಗೆ 13 ಅಡಿಯ ಒಂದು ಖೋಲಿ ತೆಗೆದುಕೊಳ್ಳಿ. ಅಂಗಡಿಯವರು ‘ಎರಡಡಿ ಟೈಲ್’ ಎನ್ನುವುದು ನಿಜವಾಗಿ 600 ಮಿ.ಮೀ., ಅಂದರೆ ಎರಡಡಿಗಿಂತ ಸುಮಾರು 1 ಸೆಂ.ಮೀ. ಕಡಿಮೆ. ಕ್ಷೇತ್ರಫಲದ ಪ್ರಕಾರ 37 ಟೈಲ್ ಸಾಕು, ಶೇ. 5 ಸೇರಿಸಿದರೆ 39. ಪೆಟ್ಟಿಗೆಗೆ ನಾಲ್ಕರಂತೆ ಹತ್ತು ಪೆಟ್ಟಿಗೆ ತರುತ್ತೀರಿ, 40 ಆಯಿತು. ಈಗ ಗೌಂಡಿ ಒಂದು ಮೂಲೆಯಿಂದ ಇಡೀ ಟೈಲ್ ಜೋಡಿಸುತ್ತ ಹೋದರೆ, ಒಂದು ಬದಿಗೆ ಐದು, ಇನ್ನೊಂದು ಬದಿಗೆ ಆರು ಕೂತು, ಎರಡೂ ಕಡೆ ಗೋಡೆಯ ಹತ್ತಿರ 34-35 ಸೆಂ.ಮೀ. ಪಟ್ಟಿ ಉಳಿಯುತ್ತದೆ. ಟೈಲ್ ಕತ್ತರಿಸಿದಾಗ ಮಿಗುವ ತುಂಡು 25-26 ಸೆಂ.ಮೀ. ಅದು ಇನ್ನೊಂದು ಕಡೆಗೆ ಸಾಲದು. ಹಾಗಾಗಿ ಪ್ರತಿ ತುಂಡಿಗೂ ಇಡೀ ಟೈಲ್ ಬೇಕು: ಆರು ಗುಣಿಸು ಏಳು, 42. ಒಂದೂ ಒಡೆಯದಿದ್ದರೂ ಎರಡು ಕಡಿಮೆ ಬಿತ್ತು. ಮತ್ತೆ ತರುವ ಪೆಟ್ಟಿಗೆ ಬೇರೆ ಬ್ಯಾಚಿನದಾದರೆ ಬಣ್ಣದಲ್ಲಿ ತುಸು ವ್ಯತ್ಯಾಸ ಬರಬಹುದು. ಕಾಗದದ ಮೇಲೆ ಸಾಲು ಎಣಿಸಿದ್ದರೆ ಮೊದಲೇ ಹನ್ನೊಂದು ಪೆಟ್ಟಿಗೆ ತರುತ್ತಿದ್ದಿರಿ. ಪಟ್ಟಿಯನ್ನು ಎರಡೂ ಬದಿಗೆ ಹಂಚಿ ಹಾಕಿಸಿದರೆ ಲೆಕ್ಕ ಬದಲಾಗುತ್ತದೆ. ಆದ್ದರಿಂದ ಜೋಡಣೆ ಎಲ್ಲಿಂದ ಶುರು ಎಂಬುದನ್ನು ಖರೀದಿಗೆ ಮುಂಚೆಯೇ ಗೌಂಡಿಯ ಜೊತೆ ತೀರ್ಮಾನಿಸಬೇಕು.

ಕಬ್ಬಿಣದ್ದೂ ಇದೇ ಕಥೆ. ಸರಳು ಸಾಮಾನ್ಯವಾಗಿ 12 ಮೀಟರ್ ಉದ್ದ ಬರುತ್ತದೆ. 4 ಮೀಟರಿನ ತುಂಡು ಬೇಕಿದ್ದರೆ ಮೂರು ಸಿಕ್ಕು ಏನೂ ಉಳಿಯುವುದಿಲ್ಲ. 4.2 ಮೀಟರ್ ಬೇಕಿದ್ದರೆ ಎರಡೇ ಸಿಗುತ್ತವೆ, 3.6 ಮೀಟರ್ ಮಿಗುತ್ತದೆ. ಅದೇ ದಪ್ಪದ ಸರಳು ಬೇರೆಲ್ಲೂ ಬೇಡವಾದರೆ ನಷ್ಟ ಶೇ. 30. ಉಳಿಸಲೆಂದು ತುಂಡನ್ನೇ ಗಿಡ್ಡ ಮಾಡಲು ಮಾತ್ರ ಬಿಡಬೇಡಿ; ಆ ಉದ್ದ ಕಟ್ಟಡದ ಬಲಕ್ಕೆ ಬೇಕಾದದ್ದು.

ಇಟ್ಟಂಗಿಯ ಮೊದಲ ಟ್ರಿಪ್ ಇಳಿಸಿದಾಗ ನೂರನ್ನು ಎಣಿಸಿ ನೋಡಿ. ಅರ್ಧ ಒಡೆದದ್ದು ಗೋಡೆಯ ತುದಿಗೆ ಬರುತ್ತದೆ, ಪುಡಿಯಾದದ್ದಷ್ಟೇ ವೇಸ್ಟು.

ಸಿಮೆಂಟಿನಲ್ಲಿ ನಮ್ಮ ಎರೆಮಣ್ಣು ಲೆಕ್ಕ ಕೆಡಿಸುತ್ತದೆ. ನಕ್ಷೆಯಲ್ಲಿ 60 ಸೆಂ.ಮೀ. ಅಗಲದ ಪಾಯ, ಅಂಚು ಕುಸಿದು 70 ಆದರೆ, ತಳದ ಕಾಂಕ್ರೀಟು ಸುಮಾರು ಶೇ. 17 ಹೆಚ್ಚು ಹಿಡಿಯುತ್ತದೆ. ಶೇ. 3ರ ವೇಸ್ಟೇಜ್ ಇದನ್ನು ತುಂಬಿಕೊಡಲಾರದು. ಪಾಯ ತೋಡಿದ ಮೇಲೆ ಟೇಪು ಹಿಡಿದು ಅಳೆಯಿರಿ, ಆಮೇಲೆ ಸಿಮೆಂಟಿಗೆ ಹೇಳಿ.